ಮುರಿದ ಮರ, ಕಡಲ ದೋಣಿ: ತ್ರಿಕೋನಮಿತಿಯ ಉತ್ತರಕ್ಕೆ ಹಂತ ಹಂತವಾಗಿ ಅಂಕ

ಹತ್ತನೆಯ ತರಗತಿಯ ವಿದ್ಯಾರ್ಥಿಗಳೇ, ಒಂದು ಬಿಳಿ ಹಾಳೆ, ಪೆನ್ಸಿಲ್ಲು, ಸ್ಕೇಲು ಹತ್ತಿರ ಇಟ್ಟುಕೊಳ್ಳಿ. ಇವತ್ತಿನ ಪಾಠವನ್ನು ಕಿವಿಯಿಂದ ಕೇಳುತ್ತ ಕೈಯಿಂದ ಬರೆಯಬೇಕು. ನಾನು ಹೇಳಿದ ಹಾಗೆ ಗೆರೆ ಎಳೆಯುತ್ತ ಹೋದರೆ, ಭಾಷಣ ಮುಗಿಯುವಾಗ ನಿಮ್ಮ ಹಾಳೆಯ ಮೇಲೆ ಮೂರು ಉತ್ತರಗಳು ಪೂರ್ತಿಯಾಗಿ ಇರುತ್ತವೆ.

ತ್ರಿಕೋನಮಿತಿಯಲ್ಲಿ ಪರೀಕ್ಷೆಗೆ ಬರುವ ದೊಡ್ಡ ಪ್ರಶ್ನೆಗಳು ಎರಡು ಬಗೆಯವು. ಒಂದು, ನಿತ್ಯಸಮೀಕರಣವನ್ನು ಸಾಧಿಸುವುದು. ಇನ್ನೊಂದು, ಎತ್ತರ ಮತ್ತು ದೂರದ ಲೆಕ್ಕ. ಪುಸ್ತಕದಲ್ಲಿ ಇವು ಬೇರೆ ಬೇರೆ ಅಧ್ಯಾಯಗಳಲ್ಲಿವೆ. ಹಾಗಾಗಿ ಮೊದಲನೆಯದು ಬರೀ ಅಕ್ಷರಗಳ ಆಟ, ಎರಡನೆಯದು ಬರೀ ಚಿತ್ರದ ಕೆಲಸ ಎಂದು ಅನೇಕ ಮಕ್ಕಳು ತಿಳಿದಿರುತ್ತಾರೆ. ಅದು ಹಾಗಲ್ಲ. ಸಾಧಿಸಿದ ಸೂತ್ರವೊಂದು ತೋಟದಲ್ಲಿ ಮುರಿದು ಬಿದ್ದ ಮರದಲ್ಲಿ ಹೇಗೆ ಎದುರಾಗುತ್ತದೆ ಎಂಬುದನ್ನು ಇವತ್ತು ನೋಡೋಣ. ಜೊತೆಗೆ, ಉತ್ತರಪತ್ರಿಕೆ ತಿದ್ದುವವರು ಯಾವ ಸಾಲಿಗೆ ಎಷ್ಟು ಅಂಕ ಕೊಡುತ್ತಾರೆ, ಯಾಕೆ ಕೊಡುತ್ತಾರೆ ಎಂಬುದನ್ನೂ ನೋಡೋಣ.

ಅಂಕದ ವಿಷಯ ಮೊದಲು ಹೇಳಿಬಿಡುತ್ತೇನೆ. ಮೌಲ್ಯಮಾಪಕರ ಕೈಯಲ್ಲಿ ಮಾದರಿ ಉತ್ತರ ಇರುತ್ತದೆ. ಅದರಲ್ಲಿ ಮೂರು ಅಥವಾ ನಾಲ್ಕು ಅಂಕದ ಪ್ರಶ್ನೆಯನ್ನು ಅರ್ಧ ಅಂಕ, ಒಂದು ಅಂಕದ ಹಂತಗಳಾಗಿ ಒಡೆದಿರುತ್ತಾರೆ. ಕೊನೆಯ ಉತ್ತರಕ್ಕೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ಬೇರೆ ಸರಿಯಾದ ದಾರಿಯಲ್ಲಿ ಬಿಡಿಸಿದ್ದರೂ ಪೂರ್ತಿ ಅಂಕ ಉಂಟು. ಆದರೆ ಆ ದಾರಿ ಹಾಳೆಯ ಮೇಲೆ ಕಾಣಬೇಕು. ನಾನು ಮುಂದೆ ಹೇಳುವ ಹಂಚಿಕೆ ಸಾಮಾನ್ಯವಾಗಿ ನಡೆಯುವ ಕ್ರಮ. ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ಅರ್ಧ ಅಂಕ ಆಚೀಚೆ ಸರಿಯಬಹುದು, ಆದರೆ ಹಂತಗಳು ಇವೇ.

ಈಗ ಬರೆದುಕೊಳ್ಳಿ. A ಒಂದು ಲಘುಕೋನವಾದರೆ, ಈ ಸಮೀಕರಣವನ್ನು ಸಾಧಿಸಬೇಕು:

√[(1 + sin A)/(1 − sin A)] = sec A + tan A

ಬಾಯಲ್ಲಿ ಹೇಳುವುದಾದರೆ, ವರ್ಗಮೂಲದ ಒಳಗೆ ಒಂದು ಭಿನ್ನರಾಶಿ ಇದೆ. ಅಂಶದಲ್ಲಿ ಒಂದು ಪ್ಲಸ್ ಸೈನ್ ಎ, ಛೇದದಲ್ಲಿ ಒಂದು ಮೈನಸ್ ಸೈನ್ ಎ. ಬಲಗಡೆ ಸೆಕ್ ಎ ಪ್ಲಸ್ ಟ್ಯಾನ್ ಎ.

ಇಂಥ ಪ್ರಶ್ನೆಯಲ್ಲಿ ಎಲ್ಲಿಂದ ಹೊರಡಬೇಕು? ಯಾವ ಭಾಗ ಹೆಚ್ಚು ತೊಡಕಾಗಿದೆಯೋ ಅಲ್ಲಿಂದ. ತೊಡಕಾದದ್ದನ್ನು ಸರಳ ಮಾಡುವುದು ಸುಲಭ. ಸರಳವಾದದ್ದನ್ನು ಬೇಕಾದ ಹಾಗೆ ತೊಡಕು ಮಾಡುವುದು ಕಷ್ಟ. ಇಲ್ಲಿ ಎಡಭಾಗದಲ್ಲಿ ವರ್ಗಮೂಲವಿದೆ. ಅದನ್ನು ತೆಗೆಯಬೇಕಾದರೆ ಒಳಗೆ ಪೂರ್ಣವರ್ಗ ಬೇಕು. ಛೇದದಲ್ಲಿರುವ 1 − sin A ಯನ್ನು 1 + sin A ಯಿಂದ ಗುಣಿಸಿದರೆ 1 − sin²A ಸಿಗುತ್ತದೆ. sin²A + cos²A = 1 ಎಂಬ ಮೂಲ ನಿತ್ಯಸಮೀಕರಣದ ಪ್ರಕಾರ ಅದು cos²A. ಅಂದರೆ ಛೇದ ಪೂರ್ಣವರ್ಗವಾಯಿತು. ಅದೇ ಗುಣಕದಿಂದ ಅಂಶವನ್ನೂ ಗುಣಿಸಿದಾಗ ಅಲ್ಲಿ (1 + sin A)² ಬಂತು. ಒಂದೇ ಕೆಲಸಕ್ಕೆ ಎರಡೂ ಕಡೆ ವರ್ಗ ಸಿಕ್ಕಿತು. ಕರಣಿಗಳ ಪಾಠದಲ್ಲಿ ಛೇದವನ್ನು ಅಕರಣೀಕರಿಸುವಾಗ ಮಾಡಿದ್ದೂ ಇದನ್ನೇ.

ಹಾಳೆಯ ಮೇಲೆ ಸಾಲುಗಳು ಹೀಗೆ ಇಳಿಯುತ್ತವೆ:

ಎಡಭಾಗ = √[(1 + sin A)/(1 − sin A) × (1 + sin A)/(1 + sin A)] — ಒಂದು ಅಂಕ

= √[(1 + sin A)²/(1 − sin²A)] — ಅರ್ಧ ಅಂಕ

= √[(1 + sin A)²/cos²A] — ಅರ್ಧ ಅಂಕ

= (1 + sin A)/cos A — ಅರ್ಧ ಅಂಕ

= 1/cos A + sin A/cos A = sec A + tan A = ಬಲಭಾಗ — ಅರ್ಧ ಅಂಕ

ಒಟ್ಟು ಮೂರು ಅಂಕ. ಮೂರನೆಯ ಸಾಲಿನ ಪಕ್ಕದಲ್ಲಿ 1 − sin²A = cos²A ಎಂದು ಆವರಣದಲ್ಲಿ ಕಾರಣ ಬರೆಯಿರಿ. ಕಾರಣ ಬರೆಯದೆ ಹಾರಿದ ಸಾಲನ್ನು ನೋಡಿದವರಿಗೆ, ನಿಮಗೆ ಗೊತ್ತಿದ್ದು ಬರೆದಿರೋ ಉತ್ತರಕ್ಕೆ ಹೊಂದಿಸಿ ಬರೆದಿರೋ ತಿಳಿಯುವುದಿಲ್ಲ.

ಪ್ರಶ್ನೆಯಲ್ಲಿ A ಲಘುಕೋನ ಎಂದು ಯಾಕೆ ಹೇಳಿದ್ದಾರೆ? ವರ್ಗಮೂಲ ತೆಗೆದಾಗ cos²A ಎಂಬುದು cos A ಆಯಿತಲ್ಲ, ಅದಕ್ಕೆ cos A ಧನ ಸಂಖ್ಯೆ ಆಗಿರಬೇಕು. ಲಘುಕೋನದಲ್ಲಿ ಅದು ಧನವೇ. ಇನ್ನು A ಬೆಲೆ 90° ಆದರೆ sin A ಒಂದಾಗಿ ಎಡಭಾಗದ ಛೇದ ಸೊನ್ನೆಯಾಗುತ್ತದೆ. ಬಲಭಾಗದ sec 90°, tan 90° ಎರಡಕ್ಕೂ ಬೆಲೆಯೇ ಇಲ್ಲ. ಆ ಒಂದು ಮಾತಿನಿಂದ ಪ್ರಶ್ನೆ ತನ್ನ ಗಡಿಯನ್ನು ತಾನೇ ಹಾಕಿಕೊಂಡಿದೆ.

ಇಲ್ಲಿ ಅಂಕ ಕಳೆದುಹೋಗುವ ಜಾಗಗಳು ಎರಡು. ಮೊದಲನೆಯದು, (1 + sin A)² ಎಂಬುದನ್ನು 1 + sin²A ಎಂದು ಬರೆಯುವುದು. ಇದನ್ನು ತಕ್ಷಣ ಪತ್ತೆ ಮಾಡಬಹುದು: A ಗೆ 30° ಹಾಕಿ. sin 30° ಅಂದರೆ ಅರ್ಧ. ಒಂದೂವರೆಯ ವರ್ಗ ಎರಡೂಕಾಲು. ಆದರೆ 1 + sin²A ಬರೀ ಒಂದೂಕಾಲು. ಎರಡೂ ಒಂದಲ್ಲ ಎಂದು ಅಲ್ಲೇ ಗೊತ್ತಾಗುತ್ತದೆ.

ಎರಡನೆಯದು ತರ್ಕದ ತಪ್ಪು. ಕೆಲವರು ಸಾಧಿಸಬೇಕಾದ ಸಮೀಕರಣವನ್ನೇ ಮೊದಲ ಸಾಲಿನಲ್ಲಿ ನಿಜವೆಂದು ಬರೆದುಕೊಂಡು, ಎರಡೂ ಕಡೆ ವರ್ಗ ಮಾಡಿ, ಅಡ್ಡಗುಣಾಕಾರ ಮಾಡಿ, ಕೊನೆಗೆ ಎರಡೂ ಕಡೆ ಒಂದೇ ಬಂತು, ಆದ್ದರಿಂದ ಸಾಧಿತವಾಯಿತು ಎನ್ನುತ್ತಾರೆ. ಇದು ಸಾಧನೆ ಆಗುವುದಿಲ್ಲ. 2 = −2 ಎಂದು ಬರೆದು ಎರಡೂ ಕಡೆ ವರ್ಗ ಮಾಡಿ ನೋಡಿ; 4 = 4 ಬರುತ್ತದೆ. ಕೊನೆಯ ಸಾಲು ನಿಜ, ಆದರೆ ಮೊದಲ ಸಾಲು ಸುಳ್ಳು. ಹಾಗಾಗಿ ಒಂದು ಭಾಗವನ್ನು ಮಾತ್ರ ಹಿಡಿದು ಇನ್ನೊಂದಕ್ಕೆ ಬನ್ನಿ. ದಾರಿ ಕಾಣದಿದ್ದರೆ ಎಡಭಾಗವನ್ನು ಬೇರೆಯಾಗಿ, ಬಲಭಾಗವನ್ನು ಬೇರೆಯಾಗಿ ಸರಳಗೊಳಿಸಿ, ಎರಡೂ ಒಂದೇ ರೂಪಕ್ಕೆ ಬಂದವು ಎಂದು ತೋರಿಸಬಹುದು. ಅದು ಸರಿಯಾದ ಕ್ರಮವೇ. ನಡುವೆ ಸಮ ಚಿಹ್ನೆ ಹಾಕಿ ಎರಡನ್ನೂ ಒಟ್ಟಿಗೆ ಎಳೆದುಕೊಂಡು ಹೋಗಬಾರದು, ಅಷ್ಟೇ.

ಒಂದು ಬೆಲೆ ಹಾಕಿ ತಾಳೆ ನೋಡುವುದೂ ಒಳ್ಳೆಯ ಅಭ್ಯಾಸ. A = 30° ಆದಾಗ ಎಡಭಾಗದಲ್ಲಿ ಒಂದೂವರೆಯನ್ನು ಅರ್ಧದಿಂದ ಭಾಗಿಸಿದರೆ 3, ಅದರ ವರ್ಗಮೂಲ √3. ಬಲಭಾಗದಲ್ಲಿ sec 30° ಎಂದರೆ 2/√3, tan 30° ಎಂದರೆ 1/√3. ಕೂಡಿದರೆ 3/√3, ಅಂದರೆ √3. ತಾಳೆಯಾಯಿತು. ಇದು ಸಾಧನೆಯಲ್ಲ, ನಮ್ಮ ಕೆಲಸದ ಪರಿಶೀಲನೆ ಮಾತ್ರ. ಆದರೆ ಈ √3 ಅನ್ನು ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕದಲ್ಲಿ ಬೇಕಾಗುತ್ತದೆ.

ಈಗ ತೋಟಕ್ಕೆ ಹೋಗೋಣ. ಪ್ರಶ್ನೆ ಹೀಗಿದೆ: ಗಾಳಿಗೆ ಅಡಿಕೆ ಮರವೊಂದು ನಡುವೆ ಮುರಿಯಿತು. ಪೂರ್ತಿ ತುಂಡಾಗದೆ, ಮುರಿದ ಭಾಗ ಬಾಗಿ ಅದರ ತುದಿ ನೆಲಕ್ಕೆ ತಾಗಿದೆ. ತುದಿ ತಾಗಿದ ಜಾಗ ಮರದ ಬುಡದಿಂದ 9 ಮೀಟರ್ ದೂರದಲ್ಲಿದೆ. ಮುರಿದ ಭಾಗ ನೆಲದೊಡನೆ 30° ಕೋನ ಮಾಡುತ್ತದೆ. ಮುರಿಯುವ ಮೊದಲು ಮರದ ಎತ್ತರ ಎಷ್ಟಿತ್ತು?

ಪೆನ್ಸಿಲ್ ತೆಗೆದುಕೊಳ್ಳಿ. ಮೊದಲು ಅಡ್ಡಗೆರೆ, ಅದು ನೆಲ. ಅದರ ಎಡತುದಿಯಲ್ಲಿ B ಎಂದು ಬರೆಯಿರಿ, ಅದು ಮರದ ಬುಡ. B ಯಿಂದ ನೇರ ಮೇಲಕ್ಕೆ ಒಂದು ಗೆರೆ ಎಳೆದು ಅದರ ತುದಿಗೆ A ಎನ್ನಿ, ಅದು ಮುರಿದ ಜಾಗ. ನೆಲದ ಮೇಲೆ ಬಲಕ್ಕೆ C ಗುರುತಿಸಿ, ಅದು ಮರದ ತುದಿ ತಾಗಿದ ಜಾಗ. A ಮತ್ತು C ಸೇರಿಸಿ. B ಯಲ್ಲಿ ಲಂಬಕೋನದ ಗುರುತು ಹಾಕಿ. BC ಕೆಳಗೆ 9 ಮೀ ಎಂದು, C ಯಲ್ಲಿ ತ್ರಿಭುಜದ ಒಳಗಡೆ 30° ಎಂದು ಬರೆಯಿರಿ.

ಇಲ್ಲಿ ಒಂದು ನಿಮಿಷ ನಿಂತು ಚಿತ್ರವನ್ನು ನೋಡಿ. ಮರದ ಎತ್ತರ ಎಲ್ಲಿದೆ? AB ಎಂದರೆ ಇನ್ನೂ ನಿಂತಿರುವ ಭಾಗ. AC ಎಂದರೆ ಬಾಗಿ ಬಿದ್ದ ಭಾಗ. ಮರ ಎರಡೂ ಸೇರಿದ್ದು. ಅಂದರೆ ನಮಗೆ ಬೇಕಾದ ಉತ್ತರ ಈ ತ್ರಿಭುಜದ ಒಂದು ಬಾಹುವಲ್ಲ, ಎರಡು ಬಾಹುಗಳ ಮೊತ್ತ. AB ಕಂಡುಹಿಡಿದು ಅದೇ ಮರದ ಎತ್ತರ ಎಂದು ನಿಲ್ಲಿಸಿದ ಉತ್ತರಗಳು ಪ್ರತಿ ವರ್ಷ ಇರುತ್ತವೆ. ಚಿತ್ರದ ಪಕ್ಕದಲ್ಲೇ “ಮರದ ಎತ್ತರ = AB + AC” ಎಂದು ಒಂದು ಸಾಲು ಮೊದಲೇ ಬರೆದಿಟ್ಟರೆ ಆ ಅಪಾಯ ತಪ್ಪುತ್ತದೆ.

ಈಗ ಕೋನ C ಯಲ್ಲಿ ನಿಂತು ಬಾಹುಗಳಿಗೆ ಹೆಸರು ಕೊಡೋಣ. C ಗೆ ಎದುರಾಗಿರುವ AB ಅಭಿಮುಖ ಬಾಹು, ಪಕ್ಕದ BC ಪಾರ್ಶ್ವ ಬಾಹು, ಲಂಬಕೋನಕ್ಕೆ ಎದುರಾಗಿರುವ AC ವಿಕರ್ಣ. ಗೊತ್ತಿರುವುದು ಪಾರ್ಶ್ವ ಬಾಹು. ಅದರಿಂದ ಅಭಿಮುಖ ಬಾಹು ಬೇಕಾದರೆ tan, ವಿಕರ್ಣ ಬೇಕಾದರೆ cos. ಯಾವ ಅನುಪಾತ ಎಂದು ಊಹೆ ಮಾಡಬೇಕಿಲ್ಲ. ಗೊತ್ತಿರುವ ಬಾಹು ಮತ್ತು ಬೇಕಾದ ಬಾಹು ಯಾವ ಅನುಪಾತದಲ್ಲಿ ಒಟ್ಟಿಗೆ ಇವೆಯೋ ಅದನ್ನು ಆರಿಸಿದರಾಯಿತು.

ಚಿತ್ರಕ್ಕೆ ಒಂದು ಅಂಕ. ಮುಂದೆ:

tan 30° = AB/BC, ಅಂದರೆ 1/√3 = AB/9; AB = 9/√3 = 3√3 ಮೀ — ಅರ್ಧ ಅಂಕ

cos 30° = BC/AC, ಅಂದರೆ √3/2 = 9/AC; AC = 18/√3 = 6√3 ಮೀ — ಅರ್ಧ ಅಂಕ

ಮರದ ಎತ್ತರ = 3√3 + 6√3 = 9√3 ಮೀ — ಒಂದು ಅಂಕ

√3 ಬೆಲೆ 1.73 ಎಂದು ತೆಗೆದುಕೊಂಡರೆ ಸುಮಾರು 15.6 ಮೀಟರ್. ಅಡಿಕೆ ಮರಕ್ಕೆ ನಂಬಬಹುದಾದ ಎತ್ತರ. √3 ಅನ್ನು ಕೊನೆಯ ಸಾಲಿನವರೆಗೂ ಹಾಗೆಯೇ ಉಳಿಸಿಕೊಳ್ಳಿ. ಮಧ್ಯದಲ್ಲೇ ದಶಮಾಂಶ ಮಾಡಿದರೆ ಸಣ್ಣ ಸಣ್ಣ ವ್ಯತ್ಯಾಸಗಳು ಸೇರಿಕೊಂಡು ಕೂಡುವ ಕೆಲಸವೂ ಕಷ್ಟವಾಗುತ್ತದೆ. ಕೊನೆಗೆ ಮೀಟರ್ ಎಂದು ಮಾನ ಬರೆಯಲು ಮರೆಯಬೇಡಿ.

ಈಗ ಹಿಂದಿನ ಹಾಳೆಗೆ ಒಮ್ಮೆ ತಿರುಗಿ. ಕೋನ A ಬೆಲೆ 30° ಆದಾಗ sec A + tan A ಎಷ್ಟು ಬಂದಿತ್ತು? √3. ಮರದ ಎತ್ತರ ಎಷ್ಟು ಬಂತು? 9 ಗುಣಿಸು √3. ಇದು ಆಕಸ್ಮಿಕವಲ್ಲ. ಬುಡದಿಂದ ತುದಿಗೆ ಇರುವ ದೂರವನ್ನು d ಎನ್ನೋಣ, ಕೋನವನ್ನು θ ಎನ್ನೋಣ. ನಿಂತ ಭಾಗ d tan θ, ಬಿದ್ದ ಭಾಗ d sec θ. ಎರಡನ್ನೂ ಕೂಡಿದರೆ:

ಮರದ ಎತ್ತರ = d (sec θ + tan θ)

ನಾವು ಸಾಧಿಸಿದ ನಿತ್ಯಸಮೀಕರಣದ ಬಲಭಾಗ ಎಂದರೆ ಬುಡದಿಂದ ಒಂದು ಮಾನ ದೂರದಲ್ಲಿ ತುದಿ ತಾಗಿದ ಮುರಿದ ಮರದ ಪೂರ್ತಿ ಎತ್ತರ. sec ಎಂದರೆ ಬಾಗಿದ ಭಾಗ, tan ಎಂದರೆ ನಿಂತ ಭಾಗ. 1 + tan²θ = sec²θ ಎಂಬ ಇನ್ನೊಂದು ನಿತ್ಯಸಮೀಕರಣವೂ ಇದೇ ತ್ರಿಭುಜದ ಪೈಥಾಗೊರಸ್ ಪ್ರಮೇಯ: ನೆಲದ ವರ್ಗ ಒಂದು, ನಿಂತ ಭಾಗದ ವರ್ಗ tan²θ, ಎರಡೂ ಕೂಡಿ ಬಾಗಿದ ಭಾಗದ ವರ್ಗ. ಹೀಗೆ ನೋಡಿದರೆ ಆ ಸೂತ್ರವನ್ನು ಉರು ಹೊಡೆಯುವ ಅಗತ್ಯವೇ ಇಲ್ಲ. 1 + sec² = tan² ಎಂದು ಅದಲು ಬದಲು ಬರೆಯುವ ತಪ್ಪೂ ಆಗುವುದಿಲ್ಲ. ವಿಕರ್ಣವೇ ಎಲ್ಲಕ್ಕಿಂತ ಉದ್ದ, ಆದ್ದರಿಂದ sec ಒಂಟಿಯಾಗಿ ಒಂದು ಕಡೆ ನಿಲ್ಲಬೇಕು.

ಇದರ ಉಪಯೋಗ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಒಂದು ಹಳೆಯ ಲೆಕ್ಕ ಹೇಳುತ್ತೇನೆ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಮುರಿದ ಬಿದಿರಿನ ಲೆಕ್ಕವೊಂದಿದೆ. ಸಮತಟ್ಟಾದ ನೆಲದ ಮೇಲೆ 32 ಮೊಳ ಎತ್ತರದ ಬಿದಿರು ಗಾಳಿಗೆ ಮುರಿದು, ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲಕ್ಕೆ ತಾಗಿತು. ಬುಡದಿಂದ ಎಷ್ಟು ಮೊಳ ಎತ್ತರದಲ್ಲಿ ಅದು ಮುರಿಯಿತು?

ನಮ್ಮ ಅಡಿಕೆ ಮರದ ಚಿತ್ರವನ್ನೇ ಇಟ್ಟುಕೊಳ್ಳಿ. ಆದರೆ ಇಲ್ಲಿ ಕೋನ ಕೊಟ್ಟಿಲ್ಲ. ಪೂರ್ತಿ ಎತ್ತರ ಕೊಟ್ಟು ಮುರಿದ ಜಾಗ ಕೇಳಿದ್ದಾರೆ. ಪೈಥಾಗೊರಸ್ ಪ್ರಮೇಯದಿಂದ ಸಮೀಕರಣ ಮಾಡಿ ಬಿಡಿಸಬಹುದು. ನಾವು ನಿತ್ಯಸಮೀಕರಣದಿಂದ ಬಿಡಿಸೋಣ. 16 (sec θ + tan θ) = 32, ಆದ್ದರಿಂದ sec θ + tan θ = 2.

ಈಗ sec²θ − tan²θ = 1 ಎಂಬುದನ್ನು ನೆನೆಸಿಕೊಳ್ಳಿ. ಇದು ಎರಡು ವರ್ಗಗಳ ವ್ಯತ್ಯಾಸ. ಅಪವರ್ತಿಸಿದರೆ (sec θ + tan θ)(sec θ − tan θ) = 1. ಮೊದಲನೆಯ ಅಪವರ್ತನ 2 ಆದ್ದರಿಂದ ಎರಡನೆಯದು ಅರ್ಧ ಆಗಲೇಬೇಕು. ಈಗ ಮೊತ್ತ 2, ವ್ಯತ್ಯಾಸ ಅರ್ಧ. ಮೊತ್ತದಿಂದ ವ್ಯತ್ಯಾಸವನ್ನು ಕಳೆದರೆ 2 tan θ = 3/2, ಅಂದರೆ tan θ = 3/4. ಬಿದಿರು ಮುರಿದ ಎತ್ತರ 16 × 3/4 = 12 ಮೊಳ. ಮುರಿದ ಭಾಗ 32 − 12 = 20 ಮೊಳ. ತಾಳೆ ನೋಡಿ: 12ರ ವರ್ಗ 144, 16ರ ವರ್ಗ 256, ಕೂಡಿದರೆ 400, ಅದು 20ರ ವರ್ಗ. ಸರಿಯಾಯಿತು.

ಕೋನ ಎಷ್ಟು ಡಿಗ್ರಿ ಎಂದು ನಾವು ಕಂಡುಹಿಡಿಯಲೇ ಇಲ್ಲ. ಕಂಡುಹಿಡಿಯಲು ಹೋಗಿದ್ದರೆ ಅದು 30°, 45°, 60° ಎಂಬ ಪರಿಚಿತ ಕೋನಗಳಲ್ಲಿ ಯಾವುದೂ ಆಗಿರಲಿಲ್ಲ. ಆದರೂ ಉತ್ತರ ಸಿಕ್ಕಿತು. “sec θ + tan θ = p ಆದರೆ sin θ ಬೆಲೆಯನ್ನು p ರೂಪದಲ್ಲಿ ಕಂಡುಹಿಡಿಯಿರಿ” ಎಂಬ ಪ್ರಶ್ನೆಯನ್ನು ನೀವು ಪುಸ್ತಕದಲ್ಲೋ ಹಳೆಯ ಪ್ರಶ್ನೆಪತ್ರಿಕೆಯಲ್ಲೋ ನೋಡಿರಬಹುದು. ಅದನ್ನು ಬಿಡಿಸುವ ಕ್ರಮವೂ ಇದೇ: ಮೊತ್ತ p, ವ್ಯತ್ಯಾಸ 1/p. ಎರಡನ್ನೂ ಕೂಡಿದರೆ 2 sec θ, ಕಳೆದರೆ 2 tan θ ಹೊರಬೀಳುತ್ತದೆ. tan θ ಅನ್ನು sec θ ದಿಂದ ಭಾಗಿಸಿದರೆ sin θ, ಅದು (p² − 1)/(p² + 1). p ಗೆ 2 ಹಾಕಿದರೆ 3/5 ಬರುತ್ತದೆ. ಬಿದಿರಿನಲ್ಲೂ ಅಷ್ಟೇ: ನಿಂತದ್ದು 12, ಬಾಗಿದ್ದು 20, 12/20 ಎಂದರೆ 3/5.

ಮರದ ಲೆಕ್ಕದಲ್ಲಿ ಕೋನ ತ್ರಿಭುಜದ ಒಳಗೇ ಇತ್ತು. ಕೋನವನ್ನು ಎಲ್ಲಿ ಬರೆಯಬೇಕೆಂಬುದೇ ಸಮಸ್ಯೆಯಾಗುವ ಲೆಕ್ಕವನ್ನು ಈಗ ನೋಡೋಣ. ಅದು ಅವನತ ಕೋನದ್ದು. ಉಡುಪಿ ಜಿಲ್ಲೆಯ ಕಾಪು ಕಡಲತೀರದಲ್ಲಿ ಬಂಡೆಯ ಮೇಲೆ ದೀಪಸ್ತಂಭವೊಂದು ನಿಂತಿರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಂಥ ಒಂದು ದೀಪಸ್ತಂಭವನ್ನು ಮನಸ್ಸಿಗೆ ತಂದುಕೊಳ್ಳಿ. ಲೆಕ್ಕಕ್ಕಾಗಿ, ನೋಡುವವನ ಕಣ್ಣು ಸಮುದ್ರಮಟ್ಟದಿಂದ 30 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಅವನಿಗೆ ಒಂದೇ ನೇರದಲ್ಲಿ, ದೀಪಸ್ತಂಭದ ಒಂದೇ ಕಡೆ ಎರಡು ದೋಣಿಗಳು ಕಾಣುತ್ತವೆ. ಅವುಗಳ ಅವನತ ಕೋನಗಳು 30° ಮತ್ತು 60°. ದೋಣಿಗಳ ನಡುವಿನ ದೂರವೆಷ್ಟು? ಇದು ನಾಲ್ಕು ಅಂಕದ ಪ್ರಶ್ನೆ ಎನ್ನಿ.

ಚಿತ್ರ ಬರೆಯಿರಿ. ಲಂಬವಾಗಿ AB ಎಳೆಯಿರಿ. A ಮೇಲೆ, B ಸಮುದ್ರಮಟ್ಟದಲ್ಲಿ. B ಯಿಂದ ಬಲಕ್ಕೆ ಅಡ್ಡಗೆರೆ, ಅದು ನೀರಿನ ಮೇಲ್ಮೈ. ಅದರ ಮೇಲೆ ಹತ್ತಿರದ ದೋಣಿ C, ದೂರದ ದೋಣಿ D. A ಯಿಂದ ಎರಡಕ್ಕೂ ಗೆರೆ ಎಳೆಯಿರಿ, ಅವೇ ದೃಷ್ಟಿರೇಖೆಗಳು. ಈಗ ಬಹಳ ಮಕ್ಕಳು ಬಿಟ್ಟುಬಿಡುವ ಒಂದು ಗೆರೆ: A ಯಿಂದ ಬಲಕ್ಕೆ, ನೀರಿನ ಗೆರೆಗೆ ಸಮಾಂತರವಾಗಿ AX ಎಂಬ ಚುಕ್ಕೆಗೆರೆ. ಅವನತ ಕೋನ ಎಂದರೆ ಈ ಚುಕ್ಕೆಗೆರೆಯಿಂದ ದೃಷ್ಟಿ ಎಷ್ಟು ಕೆಳಗಿಳಿಯಿತು ಎಂಬ ಅಳತೆ. ನೇರ ಮುಂದಕ್ಕೆ ನೋಡುತ್ತಿದ್ದವನು ದೋಣಿ ನೋಡಲು ಕಣ್ಣನ್ನು ಎಷ್ಟು ತಗ್ಗಿಸಿದ? ದೂರದ ದೋಣಿಗೆ ಸ್ವಲ್ಪ, ಹತ್ತಿರದ ದೋಣಿಗೆ ಹೆಚ್ಚು. ಆದ್ದರಿಂದ ∠XAD = 30°, ∠XAC = 60°.

ಈ ಕೋನಗಳು ಇನ್ನೂ ನಮ್ಮ ಲಂಬಕೋನ ತ್ರಿಭುಜದ ಒಳಗಿಲ್ಲ. AX ಮತ್ತು BD ಸಮಾಂತರ, AD ಅವನ್ನು ಕತ್ತರಿಸುವ ಛೇದಕ. ಪರ್ಯಾಯ ಕೋನಗಳು ಸಮ, ಆದ್ದರಿಂದ ∠ADB = 30°. ಹಾಗೆಯೇ ∠ACB = 60°. ಹಿಂದಿನ ತರಗತಿಗಳ ಸಮಾಂತರ ರೇಖೆಗಳ ಪಾಠ ಇಲ್ಲಿ ಕೆಲಸಕ್ಕೆ ಬಂತು. ಈ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಚಿತ್ರಕ್ಕೂ ಇದಕ್ಕೂ ಸೇರಿ ಒಂದು ಅಂಕ. ಮುಂದೆ:

ತ್ರಿಭುಜ ABC ಯಲ್ಲಿ tan 60° = AB/BC, ಅಂದರೆ √3 = 30/BC; BC = 30/√3 = 10√3 ಮೀ — ಒಂದು ಅಂಕ

ತ್ರಿಭುಜ ABD ಯಲ್ಲಿ tan 30° = AB/BD, ಅಂದರೆ 1/√3 = 30/BD; BD = 30√3 ಮೀ — ಒಂದು ಅಂಕ

CD = BD − BC = 30√3 − 10√3 = 20√3 ಮೀ, ಸುಮಾರು 34.6 ಮೀ — ಒಂದು ಅಂಕ

ಪ್ರತಿ ಸಾಲಿನಲ್ಲೂ ಯಾವ ತ್ರಿಭುಜದಲ್ಲಿ ಕೆಲಸ ಮಾಡುತ್ತಿದ್ದೀರಿ ಎಂದು ಹೆಸರು ಹೇಳಿದ್ದನ್ನು ಗಮನಿಸಿ. ಎರಡು ತ್ರಿಭುಜಗಳಿರುವಾಗ ಇದು ಅಗತ್ಯ. CD ಇರುವ ತ್ರಿಭುಜ ACD ಲಂಬಕೋನ ತ್ರಿಭುಜವಲ್ಲ. ಅದರಲ್ಲಿ ನೇರವಾಗಿ tan ಹಾಕಿದರೆ ಲೆಕ್ಕ ಅಲ್ಲಿಗೇ ಕೆಡುತ್ತದೆ.

ಈಗ ನಾನು ಹೇಳುವುದನ್ನು ಬಹಳ ಗಮನವಿಟ್ಟು ಕೇಳಿ. ಒಬ್ಬ ವಿದ್ಯಾರ್ಥಿ ಚುಕ್ಕೆಗೆರೆ ಎಳೆಯದೆ, ಕೋನಗಳನ್ನು A ಯಲ್ಲಿ ದೀಪಸ್ತಂಭಕ್ಕೂ ದೃಷ್ಟಿರೇಖೆಗೂ ನಡುವೆ ಬರೆದ ಎನ್ನಿ. ಆಗ ಅವನಿಗೆ 30° ಕೋನದ ದೋಣಿ 30 tan 30°, ಅಂದರೆ 10√3 ಮೀಟರ್ ದೂರದಲ್ಲಿ ಸಿಗುತ್ತದೆ. 60° ಕೋನದ ದೋಣಿ 30 tan 60°, ಅಂದರೆ 30√3 ಮೀಟರ್ ದೂರದಲ್ಲಿ. ಕಳೆದರೆ 20√3. ಉತ್ತರ ನಮ್ಮದೇ! ಚಿತ್ರ ತಪ್ಪು, ದೋಣಿಗಳು ಅದಲು ಬದಲು, ಆದರೂ ಕೊನೆಯ ಸಂಖ್ಯೆ ಸರಿ. ಯಾಕೆಂದರೆ 30° ಮತ್ತು 60° ಪೂರಕ ಕೋನಗಳು. ತಪ್ಪು ಜಾಗದಲ್ಲಿ ಬರೆದಾಗ ಒಂದು ಇನ್ನೊಂದರ ಜಾಗಕ್ಕೆ ಹೋಗಿ ಕೂರುತ್ತದೆ, ವ್ಯತ್ಯಾಸ ಹಾಗೆಯೇ ಉಳಿಯುತ್ತದೆ.

ಆ ವಿದ್ಯಾರ್ಥಿ ಪುಸ್ತಕದ ಹಿಂದಿನ ಉತ್ತರ ನೋಡಿ, ನನ್ನದು ಸರಿ ಎಂದು ತಿಳಿಯುತ್ತಾನೆ. ಮುಂದಿನ ಸಲ ಕೋನಗಳು 30° ಮತ್ತು 45° ಆದವು ಎನ್ನಿ. ಸರಿಯಾದ ಚಿತ್ರದಲ್ಲಿ ದೂರ 30√3 − 30, ಸುಮಾರು 22 ಮೀಟರ್. ಅವನ ಚಿತ್ರದಲ್ಲಿ 30 − 10√3, ಸುಮಾರು 12.7 ಮೀಟರ್. ಮೊದಲ ಸಲ ಅಡಗಿದ್ದ ತಪ್ಪು ಈಗ ಹೊರಬಂತು. ಹಂತ ಹಂತವಾಗಿ ಅಂಕ ಕೊಡುವ ಕ್ರಮದ ಅರ್ಥ ಇಲ್ಲಿದೆ. ಮೌಲ್ಯಮಾಪಕರು ಮೊದಲ ಲೆಕ್ಕದಲ್ಲೂ ಆ ಚಿತ್ರಕ್ಕೆ, ಆ ಚಿತ್ರದಿಂದ ಬಂದ ಅನುಪಾತಗಳಿಗೆ ಅಂಕ ಕೊಡಲಾರರು, ಕೊನೆಯ ಸಂಖ್ಯೆ ಸರಿಯಿದ್ದರೂ ಕೂಡ. ಅದೇ ರೀತಿ, ಚಿತ್ರ ಮತ್ತು ಅನುಪಾತ ಎರಡೂ ಸರಿಯಿದ್ದು, ಕಳೆಯುವಾಗ ಮಾತ್ರ ತಪ್ಪಿದವರಿಗೆ ಮೂರು ಅಂಕ ಉಳಿಯುತ್ತದೆ.

ಈ ತಪ್ಪನ್ನು ಪರೀಕ್ಷಾ ಕೊಠಡಿಯಲ್ಲೇ ಹಿಡಿಯುವ ದಾರಿಯೂ ಇದೆ. ಹತ್ತಿರದ ದೋಣಿಗೆ ದೊಡ್ಡ ಅವನತ ಕೋನ, ದೂರದ್ದಕ್ಕೆ ಚಿಕ್ಕದು. ಉತ್ತರದಲ್ಲಿ ಅದು ಹಾಗೆಯೇ ಬಂದಿದೆಯೇ ನೋಡಿ. ಇನ್ನೊಂದು, ಕೋನ 45° ಆದಾಗ ಎತ್ತರ ಮತ್ತು ದೂರ ಸಮ. 45°ಗಿಂತ ಚಿಕ್ಕ ಕೋನವಿದ್ದರೆ ದೂರ ಎತ್ತರಕ್ಕಿಂತ ಹೆಚ್ಚು; ದೊಡ್ಡ ಕೋನವಿದ್ದರೆ ಕಡಿಮೆ. ನಮ್ಮ ಲೆಕ್ಕದಲ್ಲಿ 30° ಕೋನದ ದೋಣಿ ಸುಮಾರು 52 ಮೀಟರ್ ದೂರದಲ್ಲಿದೆ, 30ಕ್ಕಿಂತ ಹೆಚ್ಚು. 60° ಕೋನದ್ದು ಸುಮಾರು 17 ಮೀಟರ್, 30ಕ್ಕಿಂತ ಕಡಿಮೆ. ಎರಡೂ ಹೊಂದಿತು. ಅರ್ಧ ನಿಮಿಷದ ಪರಿಶೀಲನೆ ಇದು.

ಚಿತ್ರದ ಬಗ್ಗೆ ಇನ್ನೊಂದೇ ಮಾತು. ಪ್ರಶ್ನೆಯಲ್ಲಿ “1.5 ಮೀಟರ್ ಎತ್ತರದ ವೀಕ್ಷಕ” ಎಂದು ಕೊಟ್ಟಿದ್ದರೆ, ತ್ರಿಭುಜ ನೆಲದಿಂದ ಶುರುವಾಗುವುದಿಲ್ಲ, ಅವನ ಕಣ್ಣಿನಿಂದ ಶುರುವಾಗುತ್ತದೆ. ಕಣ್ಣಿನ ಮಟ್ಟದಲ್ಲಿ ಒಂದು ಅಡ್ಡಗೆರೆ ಎಳೆದು, ಅದರ ಮೇಲಿನ ಎತ್ತರವನ್ನು ತ್ರಿಕೋನಮಿತಿಯಿಂದ ಕಂಡುಹಿಡಿದು, ಕೊನೆಗೆ 1.5 ಕೂಡಿಸಬೇಕು. ಉದಾಹರಣೆಗೆ ಅಂಥ ವೀಕ್ಷಕ ಕಟ್ಟಡದಿಂದ 30 ಮೀಟರ್ ದೂರ ನಿಂತು ಅದರ ತುದಿಯನ್ನು 45° ಉನ್ನತ ಕೋನದಲ್ಲಿ ನೋಡಿದರೆ ಕಟ್ಟಡದ ಎತ್ತರ 31.5 ಮೀಟರ್, 30 ಎಂದು ಬರೆದರೆ ಕೊನೆಯ ಹಂತದ ಅಂಕ ಹೋಯಿತು. ಶಾಲೆಯ ಅಂಗಳದಲ್ಲಿ ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ನೀವೇ ಅಳೆಯುವಾಗಲೂ ಇದು ಮುಖ್ಯ. ಅಲ್ಲಿ ಇನ್ನೊಂದು ಮಿತಿಯೂ ಇದೆ. ಅಷ್ಟೇ ದೂರದಲ್ಲಿ ನಿಂತು 45° ಬದಲು 46° ಎಂದು ಓದಿದರೆ ಎತ್ತರ ಒಂದು ಮೀಟರಿಗೂ ಸ್ವಲ್ಪ ಹೆಚ್ಚು ಬದಲಾಗುತ್ತದೆ. ಪುಸ್ತಕದ ಲೆಕ್ಕದಲ್ಲಿ ಕೋನ ನಿಖರ. ಅಂಗಳದಲ್ಲಿ ನಮ್ಮ ಕೈ ಎಷ್ಟು ಸ್ಥಿರವೋ ಕೋನವೂ ಅಷ್ಟೇ ನಿಖರ. ಹಾಗಾಗಿ ಅಲ್ಲಿ ಎರಡು ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಕೊನೆಯದಾಗಿ, ನೀವೇ ಬಿಡಿಸಲು ಎರಡು ಲೆಕ್ಕ ಕೊಡುತ್ತೇನೆ. ಮೊದಲನೆಯದು: 24 ಮೀಟರ್ ಎತ್ತರದ ತೆಂಗಿನ ಮರ ಮುರಿದು, ಅದರ ತುದಿ ಬುಡದಿಂದ 8 ಮೀಟರ್ ದೂರದಲ್ಲಿ ನೆಲಕ್ಕೆ ತಾಗಿದೆ. ಎಷ್ಟು ಎತ್ತರದಲ್ಲಿ ಮುರಿಯಿತು? ಇದನ್ನು sec θ + tan θ ದಾರಿಯಲ್ಲೇ ಬಿಡಿಸಿ. ಉತ್ತರ 32/3 ಮೀಟರ್ ಬರಬೇಕು. ಎರಡನೆಯದು: ದೋಣಿಯೊಂದು ಒಂದೇ ವೇಗದಲ್ಲಿ ನೇರವಾಗಿ ದೀಪಸ್ತಂಭದ ಕಡೆಗೆ ಬರುತ್ತಿದೆ. ಅದರ ಅವನತ ಕೋನ 30°ಯಿಂದ 60° ಆಗಲು 12 ನಿಮಿಷ ಹಿಡಿಯಿತು. ಅಲ್ಲಿಂದ ದೀಪಸ್ತಂಭದ ಬುಡ ತಲುಪಲು ಇನ್ನೆಷ್ಟು ನಿಮಿಷ ಬೇಕು? ಇಲ್ಲಿ ದೀಪಸ್ತಂಭದ ಎತ್ತರವನ್ನು ಕೊಟ್ಟಿಲ್ಲ, ಬೇಕಾಗಿಯೂ ಇಲ್ಲ. ಎತ್ತರವನ್ನು h ಎಂದಿಟ್ಟುಕೊಂಡು ಎರಡು ದೂರಗಳನ್ನು ಬರೆಯಿರಿ. ಒಂದು ಇನ್ನೊಂದರ ಮೂರರಷ್ಟು ಎಂಬುದು ಕಾಣುತ್ತದೆ, h ತಾನಾಗಿ ಹೊಡೆದುಹೋಗುತ್ತದೆ, ಉತ್ತರ 6 ನಿಮಿಷ ಬರುತ್ತದೆ. ಉತ್ತರ ನಾನೇ ಹೇಳಿಬಿಟ್ಟಿದ್ದೇನೆ. ಆದ್ದರಿಂದ ನಿಮ್ಮ ಕೆಲಸ ಚಿತ್ರ ಬರೆಯುವುದು, ಕಾರಣ ಬರೆಯುವುದು, ಪ್ರತಿ ಸಾಲಿನ ಮುಂದೆ ಅದಕ್ಕೆ ಎಷ್ಟು ಅಂಕ ಕೊಡಬಹುದೆಂದು ನೀವೇ ಗುರುತು ಹಾಕುವುದು. ಬರೆದದ್ದನ್ನು ಗೆಳೆಯರ ಹಾಳೆಯ ಜೊತೆ ಅದಲು ಬದಲು ಮಾಡಿಕೊಂಡು ತಿದ್ದಿ ನೋಡಿ. ಯಾವ ಸಾಲಿಗೆ ಅಂಕ ಕೊಡಲು ನಿಮಗೆ ಕೈ ಬರುವುದಿಲ್ಲವೋ ಅಲ್ಲಿ ಒಂದು ಕಾರಣ ಬಿಟ್ಟುಹೋಗಿದೆ ಎಂದು ತಿಳಿಯಿರಿ.